ಒಂಬತ್ತೂಮುಕ್ಕಾಲಿಗೆ ಬನ್ನಿ ಅಂದರೆ ಎಷ್ಟಕ್ಕೆ?

‘ಒಂಬತ್ತೂಮುಕ್ಕಾಲಿಗೆ ಬನ್ನಿ’ ಎಂದು ಯಾರಾದರೂ ಹೇಳಿದರೆ ಕನ್ನಡದವರಿಗೆ ಗೊಂದಲವೇ ಇಲ್ಲ, 9:45ಕ್ಕೆ ಹೋಗುತ್ತಾರೆ. ಹೊಸದಾಗಿ ಕನ್ನಡ ಕಲಿಯುತ್ತಿರುವ ಹಿಂದಿ ಮಾತಿನವರು ಮಾತ್ರ 8:45ಕ್ಕೇ ಬಂದು ಬಾಗಿಲು ತಟ್ಟುವ ಸಾಧ್ಯತೆ ಇದೆ. ಮುಕ್ಕಾಲು ಎಂದ ಕೂಡಲೇ ಅವರಿಗೆ ತಮ್ಮ ‘ಪೌನೇ’ ನೆನಪಾಗುತ್ತದೆ. ‘ಪೌನೇ ನೌ’ ಅಂದರೆ ಒಂಬತ್ತಾಗಲು ಇನ್ನೂ ಕಾಲು ಗಂಟೆ ಇದೆ ಎಂದರ್ಥ. ಇಂಗ್ಲಿಷ್ ಶಾಲೆಯಲ್ಲಿ ‘ಕ್ವಾರ್ಟರ್ ಟು ನೈನ್’ ಕಲಿತ ನಮ್ಮ ಮಕ್ಕಳೂ ಇದೇ ಗುಂಡಿಗೆ ಬೀಳುತ್ತಾರೆ. ಹಿಂದಿಯ ಪೌನೇ, ಇಂಗ್ಲಿಷಿನ ಕ್ವಾರ್ಟರ್ ಟು ಎರಡೂ ಮುಂದೆ ಬರುವ ಗಂಟೆಯನ್ನು ಹೆಸರಿಸಿ ಅದರಿಂದ ಹಿಂದಕ್ಕೆ ಎಣಿಸುತ್ತವೆ. ನಾವು ಆಗಿಹೋದ ಗಂಟೆಯನ್ನು ಹೇಳಿ ಅದರ ಮೇಲೆ ಎಷ್ಟಾಯಿತು ಎಂದು ಕೂಡಿಸುತ್ತೇವೆ.

ಪದದ ಕಟ್ಟೇ ಹಾಗಿದೆ. ‘ಒಂಬತ್ತೂ’ ಎಂಬಲ್ಲಿರುವ ದೀರ್ಘ ಸುಮ್ಮನೆ ಬಂದದ್ದಲ್ಲ. ‘ಅವನೂ ಇವನೂ’ ಎನ್ನುವಾಗ ಬರುವ ಅದೇ ‘ಊ’. ಒಂಬತ್ತೂ ಕಾಲು ಸೇರಿ 9:15, ಒಂಬತ್ತೂ ಅರೆ ಸೇರಿ 9:30, ಒಂಬತ್ತೂ ಮುಕ್ಕಾಲು ಸೇರಿ 9:45. ಅರೆ ಸೇರುವಾಗ ನಡುವೆ ಒಂದು ವಕಾರ ಬಂದು ‘ಒಂಬತ್ತೂವರೆ’ ಆಗುತ್ತದೆ, ಧಾರವಾಡದ ಕಡೆ ಬಾಯಲ್ಲಿ ‘ಒಂಬತ್ತೂವರಿ’. ಮುಕ್ಕಾಲು ಎಂದರೆ ಮೂರು ಕಾಲು. ಒಂದರಿಂದ ಹನ್ನೆರಡರ ತನಕ ಇದೊಂದೇ ಸೂತ್ರ. ಹಿಂದಿಯಲ್ಲಾದರೆ ಮೂರೂವರೆಗೆ ‘ಸಾಢೇ ತೀನ್’ ಎಂದು ಕಲಿತವನು ಒಂದೂವರೆಗೆ ‘ಡೇಢ್’, ಎರಡೂವರೆಗೆ ‘ಢಾಯೀ’ ಎಂದು ಬೇರೆಯಾಗಿ ಬಾಯಿಪಾಠ ಮಾಡಬೇಕು. ಜರ್ಮನಿಗೆ ಹೋದ ಕನ್ನಡಿಗರ ಪಾಡು ಇನ್ನೂ ಒಂದು ಕೈ ಮೇಲು. ಅಲ್ಲಿ ‘ಅರ್ಧ ಒಂಬತ್ತು’ ಎಂದು ಹೇಳಿದರೆ ಅದು 8:30.

ಗಡಿಯಾರದಲ್ಲಿ ಕಾಲು, ಅರೆ, ಮುಕ್ಕಾಲುಗಳಷ್ಟೇ ಇರುವುದಿಲ್ಲವಲ್ಲ. 9:50 ಆದಾಗ ನಾವೂ ಮುಂದಿನ ಗಂಟೆಯ ಕಡೆ ತಿರುಗಿ ‘ಹತ್ತಕ್ಕೆ ಹತ್ತು ನಿಮಿಷ ಇದೆ’ ಅನ್ನುತ್ತೇವೆ. ಆದರೆ ಅಲ್ಲಿ ‘ಹತ್ತಕ್ಕೆ’ ಎಂಬ ವಿಭಕ್ತಿಯೇ ಇನ್ನೂ ಹತ್ತಾಗಿಲ್ಲ ಎಂದು ಸಾರುತ್ತದೆ, ಆದ್ದರಿಂದ ಯಾರೂ ಎಡವುವುದಿಲ್ಲ.

ಬರೆಯುವಾಗ ಬರುವ ತೊಂದರೆ ಬೇರೆ. ಒಂದೂಮುಕ್ಕಾಲು ರೂಪಾಯಿ ಎಂದರೆ 1.75, ಒಂದೂಮುಕ್ಕಾಲು ಕೆಜಿ ಎಂದರೆ 1.750. ಒಂದೂಮುಕ್ಕಾಲು ಗಂಟೆಯನ್ನು ಮಾತ್ರ 1:45 ಎಂದು ಬರೆಯಬೇಕು, ಏಕೆಂದರೆ ಇಲ್ಲಿ ಮುಕ್ಕಾಲು ಪಾಲು ತೆಗೆಯುವುದು ನೂರರಲ್ಲಿ ಅಲ್ಲ, ಅರವತ್ತರಲ್ಲಿ. ಇದು ಎಲ್ಲರಿಗೂ ಗೊತ್ತು. ಆದರೂ ನಮ್ಮ ಪತ್ರಿಕೆಗಳು, ಆಮಂತ್ರಣ ಪತ್ರಿಕೆಗಳು ‘ಬೆಳಿಗ್ಗೆ 10.30ಕ್ಕೆ’ ಎಂದು ಚುಕ್ಕೆಯಿಟ್ಟು ಅಚ್ಚು ಹಾಕುವುದರಿಂದ ಕಣ್ಣಿಗೆ ಅದು ದಶಮಾಂಶದಂತೆಯೇ ಕಾಣುತ್ತದೆ. ಓದುವವರೆಗೆ ಏನೂ ತೊಂದರೆಯಿಲ್ಲ. ಲೆಕ್ಕಕ್ಕೆ ಇಳಿದಾಗ ಆ ಚುಕ್ಕೆ ಕೈ ಕೊಡುತ್ತದೆ.

ಗಂಟೆಗೆ 200 ರೂಪಾಯಿಯಂತೆ ಮನೆಪಾಠ ಹೇಳುವ ಮೇಷ್ಟ್ರೊಬ್ಬರು ಒಂಬತ್ತೂಮುಕ್ಕಾಲಿಗೆ ಶುರು ಮಾಡಿ ಹನ್ನೊಂದೂಕಾಲಿಗೆ ಮುಗಿಸಿದರು ಅನ್ನಿ. ಅದನ್ನು 9.45, 11.15 ಎಂದು ಬರೆದುಕೊಂಡು ಕ್ಯಾಲ್ಕ್ಯುಲೇಟರಿನಲ್ಲಿ ಕಳೆದರೆ 1.70 ಬರುತ್ತದೆ, ಸಂಬಳ 340 ಆಗುತ್ತದೆ. ಕೈಯಲ್ಲಿ ಸರಿಯಾಗಿ ಕಳೆದು 1.30 ಎಂದು ಬರೆದು, ಅದನ್ನೇ 200ರಿಂದ ಗುಣಿಸಿದರೆ 260. ಎರಡೂ ತಪ್ಪು. ಅದನ್ನೇ ಬಾಯಿಲೆಕ್ಕದಲ್ಲಿ ಮಾಡಿ ನೋಡಿ: ಒಂಬತ್ತೂಮುಕ್ಕಾಲಿನಿಂದ ಹತ್ತಕ್ಕೆ ಕಾಲು ಗಂಟೆ, ಹತ್ತರಿಂದ ಹನ್ನೊಂದಕ್ಕೆ ಒಂದು ಗಂಟೆ, ಮೇಲೆ ಇನ್ನೊಂದು ಕಾಲು, ಒಟ್ಟು ಒಂದೂವರೆ. ಇನ್ನೂರರ ಒಂದೂವರೆ ಪಟ್ಟು 300. ಕಾಲು, ಅರೆ ಎಂಬ ಮಾತುಗಳು ಇಡೀ ಗಂಟೆಯ ಪಾಲನ್ನೇ ಹೇಳುವುದರಿಂದ ಅರವತ್ತರ ಗೋಜಿಗೇ ಹೋಗಬೇಕಾಗಿಲ್ಲ. ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ 9.30 ಎಂದು ಒತ್ತಿದರೆ ಕೊನೆಯ ಸೊನ್ನೆ ಮಾಯವಾಗಿ 9.3 ಉಳಿಯುತ್ತದೆ, ಒಂಬತ್ತೂವರೆ ಅಲ್ಲಿ ಬರೀ ಒಂದು ಸಂಖ್ಯೆ. ಎರಡು ಚುಕ್ಕೆ ಇಟ್ಟು 9:30 ಎಂದು ಬರೆದರೆ ಮಾತ್ರ ಅದು ಸಮಯವೆಂದು ತಿಳಿದುಕೊಳ್ಳುತ್ತದೆ. ಲೆಕ್ಕ ಇಡುವ ಜಾಗದಲ್ಲಾದರೂ ಎರಡು ಚುಕ್ಕೆಯೇ ಇರಲಿ ಎಂಬುದು ನನ್ನ ಪಕ್ಷ.

ಇನ್ನೊಂದು ತೊಡಕು ‘ಗಂಟೆ’ಯದೇ. ಅದು ಗಡಿಯಾರದ ಹೊತ್ತನ್ನೂ ಹೇಳುತ್ತದೆ, ಕಳೆದ ಅವಧಿಯನ್ನೂ ಹೇಳುತ್ತದೆ. ಬೆಳಿಗ್ಗೆ ಆರಕ್ಕೆ ಸೂರ್ಯೋದಯ ಎಂದಿಟ್ಟುಕೊಂಡ ಕ್ಯಾಲೆಂಡರುಗಳಲ್ಲಿ ಗುರುವಾರದ ರಾಹುಕಾಲ 1:30ರಿಂದ 3:00. ಆರರಿಂದ ಆರರ ತನಕದ ಹನ್ನೆರಡು ಗಂಟೆಯ ಹಗಲನ್ನು ಎಂಟು ಭಾಗ ಮಾಡಿದರೆ ಒಂದೊಂದು ಭಾಗ ಒಂದೂವರೆ ಗಂಟೆ. ಹೀಗಾಗಿ ಗುರುವಾರ ರಾಹುಕಾಲ ಒಂದೂವರೆ ಗಂಟೆಗೆ ಹಿಡಿಯುತ್ತದೆ, ಒಂದೂವರೆ ಗಂಟೆ ಇರುತ್ತದೆ. ಇದು ಗೊಂದಲವಾಗದಂತೆ ಕಾಯುವುದು ಆ ‘ಗೆ’ ಒಂದೇ. ಗೆ ಇದ್ದರೆ ಸಾಮಾನ್ಯವಾಗಿ ಹೊತ್ತು, ಇಲ್ಲದಿದ್ದರೆ ಅವಧಿ. ಬರೀ ‘ಕಾಲು ಗಂಟೆ’, ‘ಅರ್ಧ ಗಂಟೆ’, ‘ಮುಕ್ಕಾಲು ಗಂಟೆ’ ಯಾವಾಗಲೂ ಅವಧಿಯೇ.

ಆದರೆ ಅದೇ ‘ಗೆ’ ಇನ್ನೊಂದು ಕಡೆ ಕಿವಿಗೆ ಮೋಸ ಮಾಡುತ್ತದೆ. ‘ಅಂಗಡಿ ಎಂಟೂವರೆಗೆ ತೆರೀತಾರೆ’ ಅಂದರೆ 8:30ಕ್ಕೆ ಬಾಗಿಲು ತೆಗೆಯುತ್ತಾರೆ. ‘ಅಂಗಡಿ ಎಂಟರವರೆಗೆ ತೆರೆದಿರುತ್ತೆ’ ಅಂದರೆ 8:00ಕ್ಕೆ ಮುಚ್ಚುತ್ತಾರೆ. ಫೋನಿನಲ್ಲಿ ಗದ್ದಲದ ನಡುವೆ ಈ ಎರಡನ್ನು ಬೇರೆ ಮಾಡುವುದು ಸುಲಭವಲ್ಲ. ಮೊದಲನೆಯದರ ‘ವರೆ’ ಅರ್ಧದ ಅರೆ, ಎರಡನೆಯದು ತನಕ ಎಂಬರ್ಥದ ‘ವರೆಗೆ’. ಅದಕ್ಕೇ ತಿಳಿದವರು ‘ಎಂಟರ ತನಕ’, ‘ಎಂಟೂವರೆ ತನಕ’ ಎಂದು ತನಕವನ್ನೇ ಬಳಸುತ್ತಾರೆ. ‘ಎಂಟೂವರೆಯವರೆಗೆ’ ಎಂಬುದು ತಪ್ಪಲ್ಲ, ಆದರೆ ಬಾಯಿ ತಡವರಿಸುತ್ತದೆ.

ಮಾತಿನ ಹೊತ್ತನ್ನು ಇಪ್ಪತ್ನಾಲ್ಕು ಗಂಟೆಯ ಗಡಿಯಾರಕ್ಕೆ ಬದಲಿಸುವಾಗ ಬೆಳಿಗ್ಗೆ, ಸಂಜೆ, ರಾತ್ರಿ ಎಂಬ ಮಾತುಗಳು ಬಿಟ್ಟುಹೋಗಿ, ಅವುಗಳ ಕೆಲಸವನ್ನು ಅಂಕಿಯೇ ಮಾಡುತ್ತದೆ. ಸಂಜೆ ನಾಲ್ಕೂಮುಕ್ಕಾಲು 16:45, ಬೆಳಗಿನ ಜಾವ ನಾಲ್ಕೂಮುಕ್ಕಾಲು 04:45. ಇಷ್ಟು ಸುಲಭ. ಕಷ್ಟ ಇರುವುದು ನಡುರಾತ್ರಿ ಕಳೆದ ಮೇಲೆ. ರೈಲ್ವೆ ಟಿಕೆಟ್ಟಿನಲ್ಲಿ ಭಾನುವಾರ 00:30 ಎಂದಿದ್ದರೆ ಅದನ್ನು ನಮ್ಮ ಮನೆಗಳಲ್ಲಿ ಯಾರೂ ಭಾನುವಾರ ಎಂದು ಕರೆಯುವುದಿಲ್ಲ, ‘ಶನಿವಾರ ರಾತ್ರಿ ಹನ್ನೆರಡೂವರೆ’ ಅನ್ನುತ್ತಾರೆ. ಪಂಚಾಂಗದ ಪ್ರಕಾರವೂ ದಿನ ಬದಲಾಗುವುದು ಸೂರ್ಯೋದಯಕ್ಕೆ, ಹಾಗಾಗಿ ಮನೆಯವರ ಮಾತು ತಪ್ಪೆನ್ನಲಾಗದು. ಆದರೆ ರೈಲ್ವೆಗೆ ದಿನ ಬದಲಾಗುವುದು 00:00ಕ್ಕೆ. ಟಿಕೆಟ್ಟು ನೋಡಿ ‘ಭಾನುವಾರ ರಾತ್ರಿ ಹನ್ನೆರಡೂವರೆ’ ಎಂದುಕೊಂಡು, ಭಾನುವಾರ ಊಟ ಮುಗಿಸಿ ಸ್ಟೇಷನ್ನಿಗೆ ಹೋದವರಿಗೆ ಅವರ ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ. 00ಯಿಂದ ಶುರುವಾಗುವ ಹೊತ್ತು ಕಂಡರೆ ಟಿಕೆಟ್ಟಿನ ತಾರೀಖಿನಿಂದ ಒಂದು ದಿನ ಹಿಂದಕ್ಕೆ ಹೋಗಿ, ಆ ರಾತ್ರಿಯ ಹನ್ನೆರಡೂವರೆ ಎಂದು ಮನೆಯವರಿಗೆ ಹೇಳಬೇಕು.