ನಿಮಗಿದು ಗೊತ್ತೆ? ರಜೆಯಲ್ಲಿ ಇಳಿಯುವ ದಮ್ಮು

ಕೂಳೂರಿನಂಥ ಹೆದ್ದಾರಿ ಬದಿಯ ಊರುಗಳಲ್ಲಿ ವಾಹನಗಳಿಗೆ ಸ್ಪ್ರೇ ಪೇಂಟ್ ಹೊಡೆಯುವವರು ಬಣ್ಣಕ್ಕೆ ಹಾರ್ಡನರ್ ಬೆರೆಸುತ್ತಾರೆ. ಆ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಅಸ್ತಮಾ ತರಬಲ್ಲದು. ಬೇಕರಿಯವರಿಗೆ ಹಿಟ್ಟಿನ ದೂಳು, ಶುಚಿ ಕೆಲಸದವರಿಗೆ ಬ್ಲೀಚ್‌ನಂಥ ದ್ರಾವಣಗಳ ಆವಿಯೂ ಹಾಗೆಯೇ.

ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಏನೂ ಆಗದೆ ಆಮೇಲೆ ಶುರುವಾಗುವುದರಿಂದ ಕೆಲಸದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕೆಮ್ಮು, ಎದೆಬಿಗಿತ ಎಷ್ಟೋ ಸಲ ಕಾಣಿಸಿಕೊಳ್ಳುವುದು ಮನೆಗೆ ಬಂದ ಮೇಲೆ, ರಾತ್ರಿ ಹೊತ್ತು. ಸುಳಿವು ಸಿಗುವುದು ರಜೆಯಲ್ಲಿ. ಭಾನುವಾರ ಉಸಿರು ಹಗುರಾಗಿ, ಸೋಮವಾರ ಮತ್ತೆ ಬಿಗಿಯುತ್ತದೆ. ಕಾಯಿಲೆ ಹಳೆಯದಾದರೆ ಒಂದು ದಿನದ ರಜೆ ಸಾಲದು, ವಾರವೇ ಬೇಕಾಗಬಹುದು.

ಇದನ್ನು ಖಚಿತಪಡಿಸಲು ಪೀಕ್ ಫ್ಲೋ ಮೀಟರ್ ಎಂಬ ಕೈಯಲ್ಲಿ ಹಿಡಿಯುವ ಸಾಧನ ಸಾಕಷ್ಟು ನೆರವಾಗುತ್ತದೆ. ದಿನಕ್ಕೆ 4 ಹೊತ್ತು, ಪ್ರತಿ ಹೊತ್ತಿಗೆ 3 ಸಲ ಜೋರಾಗಿ ಊದಿ, ಹೆಚ್ಚಿನ ಅಂಕಿಯನ್ನು ಬರೆದಿಡಬೇಕು. ಕೆಲಸದ ದಿನಗಳೂ ರಜೆಯೂ ಸೇರಿ ಸುಮಾರು 4 ವಾರ ಬರೆಯಬೇಕು. ಉದಾಹರಣೆಗೆ, ರಜೆಯಲ್ಲಿ 430 ಇದ್ದದ್ದು ಕೆಲಸದ ದಿನಗಳಲ್ಲಿ ಪದೇ ಪದೇ 320ಕ್ಕೆ ಇಳಿದರೆ ವೈದ್ಯರಿಗೆ ದಾರಿ ಸಿಕ್ಕಂತೆ. ಪರೀಕ್ಷೆಗೆ ಮೊದಲೇ ಕೆಲಸ ಬಿಟ್ಟರೆ ಈ ಹೋಲಿಕೆಯೇ ಸಿಗುವುದಿಲ್ಲ. ಆದರೆ ಉಸಿರಾಟ ತೀರಾ ಕಷ್ಟವಾದರೆ ಕಾಯಬಾರದು.

ಮುಖಕ್ಕೆ ಕಟ್ಟುವ ಕರ್ಚೀಫು ಐಸೊಸಯನೇಟನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಿಂದ ಒದಗಿಸುವ ಮುಖವಾಡವೇ ಬೇಕು. ಇನ್‌ಹೇಲರ್ ಎಳೆದುಕೊಂಡು ಅದೇ ಆವಿಯಲ್ಲಿ ವರ್ಷಗಟ್ಟಲೆ ದುಡಿದರೆ, ಕೆಲಸ ಬಿಟ್ಟರೂ ದಮ್ಮು ಉಳಿದುಬಿಡಬಹುದು. ವೈದ್ಯರ ಬಳಿ ಹೋದಾಗ ನಿಮ್ಮ ಕೆಲಸವೇನು, ರಜೆಯಲ್ಲಿ ಹೇಗಿರುತ್ತೀರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.