ಸಂಪ್‌ಗೆ ಬಂದ ನೀರು, ಮನೆಗೆ ಹೋದ ನೀರು: ಅಪಾರ್ಟ್‌ಮೆಂಟ್ ಡ್ಯಾಶ್‌ಬೋರ್ಡ್ ಹೇಳುವ ಲೆಕ್ಕ

2024ರ ಬೇಸಿಗೆಯ ನೀರಿನ ಬವಣೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ಒಂದು ಪಾಠ ಕಲಿಸಿತು. ನೀರನ್ನು ಅಳೆಯದೆ ಉಳಿಸಲು ಆಗುವುದಿಲ್ಲ. ಮನೆಮನೆಗೂ ಮೀಟರ್ ಹಾಕಿಸಿಕೊಂಡ ಸಂಘಗಳು ಈಗ ತಿಂಗಳ ಬಳಕೆಯನ್ನು ಪರದೆಯ ಮೇಲೆ ಎಲ್ಲರಿಗೂ ತೋರಿಸುತ್ತಿವೆ. ಮೀಟರ್ ಕೊಟ್ಟ ಕಂಪನಿಯ ತಾಣದಿಂದ ರೀಡಿಂಗ್‌ಗಳು ಸಿಎಸ್‌ವಿ ಕಡತವಾಗಿ ಬರುತ್ತವೆ. ಅದನ್ನು ಓದಿ ಪರದೆ ತಾನೇ ಹೊಸದಾಗುತ್ತದೆ. ಯಾರೂ ಕೂತು ಅಂಕಿ ತುಂಬಬೇಕಿಲ್ಲ.

ಇದನ್ನು ಕಟ್ಟುವುದು ಈಗ ಕಷ್ಟವಲ್ಲ. ಕಂಪನಿಯ ತಾಣದಲ್ಲಿ ಪ್ರತಿ ತಿಂಗಳ 1ರಂದು ಕಡತ ಸಂಘದ ಇಮೇಲ್‌ಗೆ ಬರುವಂತೆ ಗೊತ್ತುಪಡಿಸಿದರೆ, ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಮ್ ದಿನಾ ಬೆಳಿಗ್ಗೆ ಆ ಅಂಚೆಪೆಟ್ಟಿಗೆ ನೋಡಿ, ಹೊಸ ಕಡತ ಸಿಕ್ಕರೆ ಅದರ ಸಾಲುಗಳನ್ನು ಒಂದು ಶೀಟ್‌ನ ತುದಿಗೆ ಸೇರಿಸುತ್ತದೆ. ನಕ್ಷೆಗಳು ಆ ಶೀಟ್‌ನಿಂದ ಮೂಡುತ್ತವೆ. ಇದರಲ್ಲಿ ಒಂದು ಎಚ್ಚರ ಬೇಕು. ಆ ಪ್ರೋಗ್ರಾಮ್ ಯಾರ ಖಾತೆಯಲ್ಲಿ ಹೊಂದಿಸಲಾಗಿದೆಯೋ ಅವರ ಹೆಸರಿನಲ್ಲೇ ಓಡುತ್ತದೆ. ಉತ್ಸಾಹಿ ಕಾರ್ಯದರ್ಶಿಯೊಬ್ಬರು ಸ್ವಂತ ಖಾತೆಯಲ್ಲಿ ಮಾಡಿಟ್ಟು, ಮನೆ ಖಾಲಿ ಮಾಡಿ ಹೋಗುವಾಗ ಖಾತೆಯನ್ನೂ ಮುಚ್ಚಿದರೆ ಎಲ್ಲವೂ ಸದ್ದಿಲ್ಲದೆ ನಿಲ್ಲುತ್ತದೆ. ಪರದೆ ಮಾತ್ರ ಹಳೆಯ ಅಂಕಿ ತೋರಿಸುತ್ತಲೇ ಇರುತ್ತದೆ. ಆದ್ದರಿಂದ ಖಾತೆ ಸಂಘದ ಹೆಸರಿನಲ್ಲಿರಲಿ, ಕೊನೆಯ ರೀಡಿಂಗ್‌ನ ತಾರೀಖು ಪರದೆಯ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ಇರಲಿ.

ನಿಜವಾದ ತೊಡಕು ಇರುವುದು ಕಳೆಯುವ ಲೆಕ್ಕದಲ್ಲಿ. ಮೀಟರ್ ಬಳಕೆಯನ್ನು ಹೇಳುವುದಿಲ್ಲ, ಹಾಕಿದ ದಿನದಿಂದ ಈವರೆಗೆ ಹರಿದ ಒಟ್ಟು ನೀರನ್ನು ಹೇಳುತ್ತದೆ. ತಿಂಗಳ ಬಳಕೆ ಬೇಕಾದರೆ ಎರಡು ರೀಡಿಂಗ್‌ಗಳ ವ್ಯತ್ಯಾಸ ತೆಗೆಯಬೇಕು. ಒಂದು ಮನೆಯ ಉದಾಹರಣೆ ನೋಡೋಣ. ಜನವರಿ 1ಕ್ಕೆ 842.6 ಕಿಲೋಲೀಟರ್, ಫೆಬ್ರವರಿ 3ಕ್ಕೆ 856.1, ಮಾರ್ಚ್ 1ಕ್ಕೆ 866.7. ಮೊದಲ ಬಾರಿ 13.5 ಕಿಲೋಲೀಟರ್ ಬಳಕೆ, ಎರಡನೆಯ ಬಾರಿ 10.6. ಪರದೆ ಇಷ್ಟನ್ನೇ ತೋರಿಸಿದರೆ ಆ ಮನೆಯವರು ಶೇ. 21ರಷ್ಟು ನೀರು ಉಳಿಸಿದರೆಂದು ಎಲ್ಲರೂ ಮೆಚ್ಚಿಕೊಳ್ಳುತ್ತಾರೆ. ಆದರೆ ಮೊದಲ ಅವಧಿ 33 ದಿನದ್ದು, ಎರಡನೆಯದು 26 ದಿನದ್ದು. ದಿನಕ್ಕೆ ಭಾಗಿಸಿದರೆ 409 ಲೀಟರ್ ಮತ್ತು 408 ಲೀಟರ್. ಅಂದರೆ ಏನೂ ಬದಲಾಗಿಲ್ಲ. ಹಾಗಾಗಿ ನಕ್ಷೆಯಲ್ಲಿ ತಿಂಗಳ ಒಟ್ಟು ಬಳಕೆಗಿಂತ ದಿನದ ಸರಾಸರಿಯೇ ಇರಬೇಕು. ಶೀಟ್‌ನ B ಕಂಬದಲ್ಲಿ ತಾರೀಖು, C ಕಂಬದಲ್ಲಿ ರೀಡಿಂಗ್ ಇದ್ದರೆ ಸೂತ್ರ ಇಷ್ಟೇ:

```
=IF(OR(C2="", C3="", C3<C2), "", (C3-C2)*1000/(B3-B2))
```

ಸೂತ್ರದ ಮೊದಲರ್ಧಕ್ಕೆ ಹೆಚ್ಚು ಬೆಲೆ. ರೀಡಿಂಗ್ ಬಾರದಿದ್ದರೆ, ಅಥವಾ ಕೆಟ್ಟ ಮೀಟರ್ ಬದಲಾಯಿಸಿ ಹೊಸದು ಸೊನ್ನೆಯಿಂದ ಶುರುವಾಗಿದ್ದರೆ ಅದು ಜಾಗವನ್ನು ಖಾಲಿ ಬಿಡುತ್ತದೆ, ಸೊನ್ನೆ ತುಂಬುವುದಿಲ್ಲ. ಸೊನ್ನೆಯೆಂದರೆ ನೀರು ಬಳಸಿಲ್ಲ ಎಂದರ್ಥ, ಖಾಲಿಯೆಂದರೆ ಗೊತ್ತಿಲ್ಲ ಎಂದರ್ಥ. ಇವೆರಡನ್ನೂ ಕಲಸಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಅಡುಗೆಮನೆಗೊಂದು, ಪ್ರತಿ ಬಚ್ಚಲಿಗೊಂದು ಬೇರೆ ಕೊಳವೆ ಇಳಿಯುವುದರಿಂದ ಒಂದೇ ಮನೆಗೆ ಮೂರೋ ನಾಲ್ಕೋ ಮೀಟರ್ ಇರುತ್ತವೆ. ಅವುಗಳಲ್ಲಿ ಒಂದರ ಬ್ಯಾಟರಿ ಸತ್ತರೂ ಆ ಮನೆ ಮಿತವ್ಯಯಿಯಂತೆ ಕಾಣುತ್ತದೆ. 96 ಮನೆ, ಮನೆಗೆ ನಾಲ್ಕು ಮೀಟರ್ ಇದ್ದರೆ ಕಡತದಲ್ಲಿ 384 ಸಾಲು ಬರಬೇಕು. 381 ಬಂದಿದ್ದರೆ ನಕ್ಷೆಯ ಬದಲು ಮೊದಲು ಆ ಮೂರು ಮೀಟರ್‌ಗಳ ಪಟ್ಟಿ ಕಾಣಬೇಕು.

ತಾರೀಖಿನ ಬಗ್ಗೆಯೂ ಒಂದು ಮಾತು. ಶೀಟ್‌ನ ಪ್ರದೇಶ ಅಮೆರಿಕ ಎಂದಿದ್ದರೆ 03/02/2025 ಅನ್ನು ಅದು ಮಾರ್ಚ್ 2 ಎಂದು ಓದುತ್ತದೆ. 13/02/2025 ಅರ್ಥವೇ ಆಗದೆ ಬರೀ ಅಕ್ಷರವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ತಾರೀಖಿನ ಕಂಬದಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಪ್ರದೇಶವನ್ನು ಭಾರತಕ್ಕೆ ಬದಲಾಯಿಸಿ, ಕಡತವನ್ನು ಮತ್ತೆ ಓದಿಸಿ.

ಇನ್ನು ವಿದ್ಯುತ್. ಮನೆಯೊಳಗಿನ ಬಿಲ್ ಸಾಮಾನ್ಯವಾಗಿ ಬೆಸ್ಕಾಂನಿಂದ ನೇರ ಆಯಾ ಗ್ರಾಹಕರಿಗೆ ಹೋಗುತ್ತದೆ. ಸಂಘದ ಪಾಲಿಗೆ ಬರುವುದು ಪಂಪ್, ಲಿಫ್ಟ್, ಕೊಳಚೆ ನೀರಿನ ಶುದ್ಧೀಕರಣ ಘಟಕ, ಮೆಟ್ಟಿಲ ದೀಪ. ಇಂಥ ದೊಡ್ಡ ಸಂಪರ್ಕದಲ್ಲಿ ಮೀಟರ್ ಹಲವು ವೇಳೆ ಸಿಟಿ ಎಂಬ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಅಳೆಯುತ್ತದೆ, ಆಗ ರೀಡಿಂಗ್ ವ್ಯತ್ಯಾಸವನ್ನು ಒಂದು ಗುಣಕದಿಂದ ಗುಣಿಸಬೇಕಾಗುತ್ತದೆ. 100/5 ಸಿಟಿ ಇದ್ದು, ಅದನ್ನು ಮೀಟರ್ ಒಳಗೇ ಲೆಕ್ಕ ಹಿಡಿದಿಲ್ಲವಾದರೆ ಗುಣಕ 20. ವ್ಯತ್ಯಾಸ 412 ಬಂದರೆ ಬಳಕೆ 8,240 ಯೂನಿಟ್. ಗುಣಕ ಮರೆತ ಪರದೆ ಇಡೀ ಸಮುಚ್ಚಯಕ್ಕೆ 412 ಯೂನಿಟ್ ಎಂದು ತೋರಿಸುತ್ತದೆ. ಒಮ್ಮೆ ಬಿಲ್ ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ಗೊತ್ತಾಗುತ್ತದೆ.

ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಯುಕ್ತ ಎನಿಸುವುದು ನೀರನ್ನೂ ಪಂಪಿನ ವಿದ್ಯುತ್ತನ್ನೂ ಅಕ್ಕಪಕ್ಕ ಇಟ್ಟು ಓದುವುದು. ಇದಕ್ಕೆ ಪಂಪಿಗೊಂದು ಬೇರೆ ಉಪಮೀಟರ್ ಬೇಕು, ಸಂಪ್‌ಗೆ ಬರುವ ಕಾವೇರಿ ಮತ್ತು ಬೋರ್‌ವೆಲ್ ಕೊಳವೆಗಳಿಗೂ ಮೀಟರ್ ಬೇಕು, ಟ್ಯಾಂಕರ್‌ಗಳ ಲೆಕ್ಕ ಬೇಕು. ಅವನ್ನು ಮನೆಯ ಮೀಟರ್‌ಗಳನ್ನು ಓದುವ ದಿನವೇ ಓದಬೇಕು. ಜಲಮಂಡಳಿಯ ಬಿಲ್ಲಿನಲ್ಲಿರುವ ತಾರೀಖು ಬೇರೆಯೇ ಇರುವುದರಿಂದ ಬಿಲ್ಲಿನ ಅಂಕಿಯನ್ನು ಇಲ್ಲಿ ತಂದರೆ ಇಲ್ಲದ ಸೋರಿಕೆ ಕಾಣುತ್ತದೆ.

ಅದೇ 96 ಮನೆಗಳ ಲೆಕ್ಕ ಹೀಗಿದೆ ಎಂದುಕೊಳ್ಳಿ. ಒಂದು ತಿಂಗಳು ಕಾವೇರಿ 860, ಬೋರ್‌ವೆಲ್ 396, ಟ್ಯಾಂಕರ್ 144, ಒಟ್ಟು 1,400 ಕಿಲೋಲೀಟರ್ ಬಂತು. ಮನೆಗಳಿಗೆ 1,150, ಸಾಮಾನ್ಯ ಬಳಕೆಗೆ 90 ಹೋಯಿತು. ಲೆಕ್ಕಕ್ಕೆ ಸಿಗದ್ದು 160. ಪಂಪ್ 434 ಯೂನಿಟ್ ಬಳಸಿತು, ಅಂದರೆ ಕಿಲೋಲೀಟರಿಗೆ 0.31. ನೀರನ್ನು 50 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ ಕಿಲೋಲೀಟರಿಗೆ 0.14 ಯೂನಿಟ್ ಸಾಕು. ಪಂಪ್, ಮೋಟಾರ್, ಕೊಳವೆಗಳ ನಷ್ಟ ಸೇರಿದರೆ ಅದರ ಎರಡರಷ್ಟಾಗುವುದು ಅಸಹಜವಲ್ಲ.

ಮರುತಿಂಗಳು ಮನೆಗಳ ಬಳಕೆ ಹೆಚ್ಚುಕಡಿಮೆ ಅಷ್ಟೇ ಇದ್ದು ಬಂದ ನೀರು 1,560ಕ್ಕೆ ಏರಿದರೆ ಎಲ್ಲೋ ಸೋರುತ್ತಿದೆ. ಎಲ್ಲಿ? ಪಂಪ್ ಯೂನಿಟ್ ನೋಡಿ. ಅದೂ 484ಕ್ಕೆ ಏರಿ 0.31 ಹಾಗೇ ಉಳಿದಿದ್ದರೆ ನೀರು ಮೇಲೆ ಹೋಗಿ ಪೋಲಾಗಿದೆ. ಓವರ್‌ಹೆಡ್ ಟ್ಯಾಂಕಿನ ಬಾಲ್ ವಾಲ್ವ್ ಕೆಟ್ಟು ರಾತ್ರಿ ತುಂಬಿ ಹರಿಯುತ್ತಿರಬಹುದು. ಯೂನಿಟ್ 434ರಲ್ಲೇ ನಿಂತಿದ್ದರೆ ಅನುಪಾತ 0.28ಕ್ಕೆ ಇಳಿಯುತ್ತದೆ. ನೀರು ಪಂಪ್ ಮುಟ್ಟುವ ಮೊದಲೇ ಹೋಗಿದೆ, ಸಂಪ್‌ನ ಗೋಡೆ ಬಿರುಕು ಬಿಟ್ಟಿದೆಯೇ ನೋಡಬೇಕು. ಬಂದ ನೀರು ಬದಲಾಗದೆ ಯೂನಿಟ್ ಮಾತ್ರ ಏರಿದ್ದರೆ ಪಂಪ್ ಸವೆದಿರಬಹುದು, ಇಲ್ಲವೇ ಪಂಪ್ ನಿಂತಾಗಲೆಲ್ಲ ನಾನ್ ರಿಟರ್ನ್ ವಾಲ್ವ್ ಮೂಲಕ ನೀರು ಮತ್ತೆ ಸಂಪ್‌ಗೆ ಇಳಿಯುತ್ತಿರಬಹುದು. ಒಳಬರುವ ಕೊಳವೆಗಳನ್ನೆಲ್ಲ ಮುಚ್ಚಿ, ಪಂಪ್ ನಿಲ್ಲಿಸಿ, ಅರ್ಧ ಗಂಟೆ ಸಂಪ್‌ನ ಮಟ್ಟ ಗಮನಿಸಿ. ಏರಿದರೆ ದೋಷ ವಾಲ್ವ್‌ನದು.

ತಿಂಗಳ ರೀಡಿಂಗ್‌ಗೆ ಮಿತಿಯಿದೆ. ಫ್ಲಶ್ ಟ್ಯಾಂಕ್‌ನ ಸಣ್ಣ ಸೋರಿಕೆ 30 ದಿನದ ಒಟ್ಟು ಮೊತ್ತದಲ್ಲಿ ಮುಚ್ಚಿಹೋಗುತ್ತದೆ, ಅದಕ್ಕೆ ನಡುರಾತ್ರಿಯ ಗಂಟೆಗಳ ರೀಡಿಂಗ್ ಬೇಕು. ಆದರೆ ಅಷ್ಟು ಸೂಕ್ಷ್ಮವಾದ ಅಂಕಿ ಯಾವ ಮನೆಗೆ ಬೀಗ ಬಿದ್ದಿದೆ ಎಂಬುದನ್ನೂ ಹೇಳುತ್ತದೆ. ಮನೆಯ ಅಂಕಿ ಆ ಮನೆಯವರಿಗೆ ಮಾತ್ರ ಕಾಣಲಿ, ಎಲ್ಲರಿಗೂ ಕಾಣುವ ಪರದೆಯಲ್ಲಿ ಬ್ಲಾಕ್‌ನ ಸರಾಸರಿ ಸಾಕು.

ನಿಮ್ಮ ಸಂಘ ಡ್ಯಾಶ್‌ಬೋರ್ಡ್ ಮಾಡಿಸುವ ಯೋಚನೆಯಲ್ಲಿದ್ದರೆ ನಕ್ಷೆಯ ಬಣ್ಣ ಆರಿಸುವ ಮೊದಲು ಸಂಪ್‌ಗೆ ಬರುವ ಪ್ರತಿ ಕೊಳವೆಗೂ ಪಂಪಿಗೂ ಮೀಟರ್ ಇದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿ. ಇಲ್ಲವಾದರೆ ಮೊದಲ ಖರ್ಚು ಅದಕ್ಕೇ ಆಗಲಿ.