ಒಣಗಿದ ಮೇಲೆ ಕಾಳು ಎಷ್ಟು ಉಳಿಯುತ್ತದೆ?

ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮುಂಗಾರಿನ ಮೆಕ್ಕೆಜೋಳ ಕಣಕ್ಕೆ ಬರುವ ಹೊತ್ತಿಗೆ ಹಿಂಗಾರಿನ ಮೋಡವೂ ಕವಿದಿರುತ್ತದೆ. ತೆನೆ ಗಿಡದಲ್ಲೇ ಪೂರ್ತಿ ಒಣಗಲಿ ಎಂದು ಕಾಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಅವಸರದಲ್ಲಿ ಮಷಿನ್ನಿಗೆ ಹಾಕಿಸಿದ ಕಾಳಿನಲ್ಲಿ ತೇವಾಂಶ ಶೇ 25ರಷ್ಟಿದ್ದರೂ ಆಶ್ಚರ್ಯವಿಲ್ಲ. ಮಾರುಕಟ್ಟೆ ಕೇಳುವುದು ಶೇ 14. ಇಂಥ 100 ಕ್ವಿಂಟಲ್ ಕಾಳನ್ನು ಹರವಿ ಒಣಗಿಸಿದರೆ ಕೊನೆಗೆ ಕಾಟಾ ಮೇಲೆ ಎಷ್ಟು ತೂಗುತ್ತದೆ?

ಬಾಯಿಲೆಕ್ಕದವರು ತಟ್ಟನೆ 89 ಎನ್ನುತ್ತಾರೆ. 25ರಲ್ಲಿ 14 ಕಳೆದರೆ 11, ನೂರರಲ್ಲಿ 11 ಹೋದರೆ 89. ಆದರೆ ಕಾಟಾ ತೋರಿಸುವುದು 87 ಕ್ವಿಂಟಲ್ ಚಿಲ್ಲರೆ. ಸುಮಾರು ಎರಡು ಕ್ವಿಂಟಲ್‌ನ ಈ ವ್ಯತ್ಯಾಸ ಕಂಡು ಹಮಾಲರ ಮೇಲೋ ಕಾಟಾದ ಮೇಲೋ ಅನುಮಾನಪಡುವುದು ಸುಲಭ. ತಪ್ಪಿರುವುದು ಕಳೆಯುವ ಲೆಕ್ಕದಲ್ಲಿ. ಶೇ 25 ಎಂಬುದು 100 ಕ್ವಿಂಟಲ್‌ನ ಹಸಿ ರಾಶಿಯ ಪಾಲು. ಶೇ 14 ಎಂಬುದು ಒಣಗಿ ಕುಗ್ಗಿದ ರಾಶಿಯ ಪಾಲು. ಎರಡು ಬೇರೆ ರಾಶಿಗಳ ಶೇಕಡಾವನ್ನು ಒಂದರಿಂದೊಂದು ಕಳೆದರೆ ಸರಿಯಾದ ಉತ್ತರ ಬರುವುದಿಲ್ಲ.

ಬಿಸಿಲಿಗೆ ಹೋಗುವುದು ನೀರು ಮಾತ್ರ. ಹಿಟ್ಟು, ಎಣ್ಣೆ, ಸಿಪ್ಪೆ ಎಲ್ಲ ಕಾಳಿನಲ್ಲೇ ಉಳಿಯುತ್ತವೆ. ಹಾಗಾಗಿ ಉಳಿಯುವುದನ್ನೇ ಹಿಡಿದು ಲೆಕ್ಕ ಹಾಕಬೇಕು. 100 ಕ್ವಿಂಟಲ್‌ನಲ್ಲಿ ನೀರು 25, ಒಣ ಪದಾರ್ಥ 75. ಒಣಗಿದ ಮೇಲೂ ಆ 75 ಹಾಗೇ ಇರುತ್ತದೆ. ಆದರೆ ನೀರು ಈಗ ಶೇ 14 ಆದ್ದರಿಂದ ಅದೇ 75 ಹೊಸ ತೂಕದ ಶೇ 86 ಆಗುತ್ತದೆ. 75ನ್ನು 0.86ರಿಂದ ಭಾಗಿಸಿದರೆ 87.2 ಕ್ವಿಂಟಲ್. ಆರಿಹೋದ ನೀರು 12.8 ಕ್ವಿಂಟಲ್. ಯಾವ ಧಾನ್ಯಕ್ಕೂ ಸೂತ್ರ ಇದೇ:

ಒಣ ತೂಕ = ಹಸಿ ತೂಕ × (100 − ಮೊದಲ ತೇವಾಂಶ) ÷ (100 − ಕೊನೆಯ ತೇವಾಂಶ)

ಶೇ 14ಕ್ಕೆ ಇಳಿಸುವಾಗ ಪ್ರತಿ ಒಂದು ಅಂಶ ತೇವಾಂಶಕ್ಕೆ ಕ್ವಿಂಟಲ್‌ಗೆ ಸುಮಾರು 1.16 ಕಿಲೋ ಹೋಗುತ್ತದೆ. ಹಸಿ ಕಾಳನ್ನು ಹಾಗೇ ಮಾರುವವರಿಗೆ ಈ ಅಂಕಿ ನೆನಪಿದ್ದರೆ ಒಳ್ಳೆಯದು. ಕೊಳ್ಳುವವರು ಅಂಶಕ್ಕೆ ಒಂದೂವರೆ ಕಿಲೋ ಮುರಿದುಕೊಂಡರೆ, 11 ಅಂಶಕ್ಕೆ ಕ್ವಿಂಟಲ್‌ಗೆ 16.5 ಕಿಲೋ ಆಯಿತು. ನಿಜಕ್ಕೂ ಆರುವ ನೀರು 12.8 ಕಿಲೋ. ಮಿಕ್ಕಿದ್ದು ಒಣಗಿಸುವ ಕೂಲಿಯೇ ಎಂದು ಅವರು ಹೇಳಬಹುದು. ಅದು ಅನ್ಯಾಯವೇನಲ್ಲ, ಆದರೆ ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಬೇಕಾದ ಮಾತು. ಧಾರಣೆಗೂ ಇದೇ ಲೆಕ್ಕ. ಒಣ ಕಾಳಿಗೆ ಕ್ವಿಂಟಲ್‌ಗೆ 2,000 ರೂಪಾಯಿ ಇದ್ದರೆ, ಶೇ 25ರ ಹಸಿ ಕಾಳಿನ ಸಮ ಬೆಲೆ 1,744 ರೂಪಾಯಿ. ಒಣಗಿಸುವ ಖರ್ಚನ್ನು ಅದರಲ್ಲಿ ಕಳೆದು ನೋಡಿ, ಹಸಿಯಾಗಿಯೇ ಕೊಡುವುದೋ ಹರವುವುದೋ ಎಂದು ತೀರ್ಮಾನಿಸಬಹುದು.

ಅತಿಯಾಗಿ ಒಣಗಿಸಿದರೂ ಕೈಕಚ್ಚುತ್ತದೆ. ಅದೇ ರಾಶಿಯನ್ನು ಶೇ 12ಕ್ಕೆ ಇಳಿಸಿದರೆ ತೂಕ 85.2 ಕ್ವಿಂಟಲ್. ಶೇ 14ರ ಕಾಳಿಗೂ ಶೇ 12ರ ಕಾಳಿಗೂ ಒಂದೇ ಧಾರಣೆಯಾದರೆ ಎರಡು ಕ್ವಿಂಟಲ್‌ನ ಹಣ ಗಾಳಿಗೆ ಹೋದಂತೆ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡುವ ಮಾಲಾದರೆ ಮಾತು ಬೇರೆ. ಬೂಸ್ಟು, ಹುಳು ತಡೆಯಲು ಶೇ 12 ಬೇಕೇ ಬೇಕು.

ಮೀಟರ್ ಕೈಲಿಲ್ಲದಿದ್ದರೂ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಇದೇ ಸೂತ್ರ ಸಾಕು. ಮೊದಲ ದಿನ ಎಲ್ಲಾದರೂ ತೇವಾಂಶ ಅಳೆಸಿಕೊಂಡು, ಅದೇ ಕಾಳನ್ನು ಸರಿಯಾಗಿ 10 ಕಿಲೋ ತೂಗಿ, ಸೊಳ್ಳೆಪರದೆಯಂಥ ತೆಳು ಬಲೆಬಟ್ಟೆಯಲ್ಲಿ ಸಡಿಲವಾಗಿ ಹಾಕಿ, ರಾಶಿಯ ನಡುವೆ ಅಷ್ಟೇ ದಪ್ಪಕ್ಕೆ ಹರಡಬೇಕು. ರಾಶಿ ಕೈಯಾಡಿಸಿದಾಗಲೆಲ್ಲ ಅದನ್ನೂ ಕೈಯಾಡಿಸಬೇಕು, ಸಂಜೆ ತೂಗಬೇಕು. ಶೇ 25ರಿಂದ ಹೊರಟ ಕಾಳು 8 ಕಿಲೋ 720 ಗ್ರಾಂಗೆ ಬಂದಾಗ ಶೇ 14 ಮುಟ್ಟಿದೆ. ಬಲೆಯಿಂದ ಕಾಳು ಉದುರಿದರೆ ಅದೂ ಆರಿದ ನೀರಿನ ಲೆಕ್ಕಕ್ಕೇ ಸೇರಿಬಿಡುತ್ತದೆ; ಆಗ ಒಣಗದ ಕಾಳೇ ಒಣಗಿದಂತೆ ಕಾಣುತ್ತದೆ.

ಇಡೀ ಲೆಕ್ಕ ನಿಂತಿರುವುದು ಆ ಮೊದಲ ಅಳತೆಯ ಮೇಲೆ. ರಾಶಿಯ ಮೇಲಿನ ಒಂದು ಹಿಡಿ ತೆಗೆದು ಅಳೆದರೆ ಸಾಲದು. ತಳದ, ನಡುವಿನ ಕಾಳನ್ನೂ ಬೆರೆಸಿ ಅಳೆಯಬೇಕು. ಬಿಸಿಲಿನಿಂದ ಆಗಷ್ಟೇ ಎತ್ತಿದ ಕಾಳಿನ ಹೊರಮೈ ಒಣಗಿ ಒಳಗೆ ಹಸಿ ಉಳಿದಿರುವುದುಂಟು. ಆಗ ಮೀಟರ್ ಕಡಿಮೆ ತೋರಿಸಿ, ರಾತ್ರಿ ಮುಚ್ಚಿಟ್ಟು ಬೆಳಗ್ಗೆ ಅಳೆದರೆ ಏರಬಹುದು. ಬೆಳಗಿನ ಅಂಕಿಯನ್ನೇ ನಂಬಬೇಕು. ಸೂತ್ರ ಲೆಕ್ಕ ಹಾಕುವುದು ನೀರನ್ನು ಮಾತ್ರ. ಧೂಳು, ನುಚ್ಚು, ಹಕ್ಕಿ ತಿಂದದ್ದು, ತುಂಬುವಾಗ ಚೆಲ್ಲಿದ್ದು ಅದರಲ್ಲಿಲ್ಲ. ಹಾಗಾಗಿ 87.2 ಎಂದು ಲೆಕ್ಕ ಬಂದಲ್ಲಿ ಕಾಟಾ 86.8 ತೋರಿಸಿದರೆ ಜಗಳಕ್ಕೆ ಕಾರಣವಿಲ್ಲ. 84 ತೋರಿಸಿದರೆ ಮಾತ್ರ ಒಂದೋ ಕಾಳು ಅತಿಯಾಗಿ ಒಣಗಿದೆ, ಇಲ್ಲವೇ ಚೀಲಗಳನ್ನು ಇನ್ನೊಮ್ಮೆ ಎಣಿಸಬೇಕು.